ಪಕ್ಕದ ಮನೆಯ ಹಸುವಿಗೆ ಒಗ್ಗಿದ ತೌಡು ನಮ್ಮ ಹಸುವಿಗೇಕೆ ಒಗ್ಗಲಿಲ್ಲ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕು. ಎರಡು ಎಚ್‌ಎಫ್ ಮಿಶ್ರತಳಿ ಹಸುಗಳಿವೆ. ಒಂದು ಕರು ಹಾಕಿ ಎರಡು ತಿಂಗಳಾಗಿದೆ, ದಿನಕ್ಕೆ 12 ಲೀಟರ್ ಹಾಲು ಕೊಡುತ್ತಿತ್ತು. ಇನ್ನೊಂದು ಗಬ್ಬವಾಗಿದ್ದು ಇನ್ನೊಂದು ತಿಂಗಳಿಗೆ ಈಯುತ್ತದೆ. ಹಾಲು ಕೊಡುವ ಹಸುವಿಗೆ ದಿನಕ್ಕೆ 5 ಕೆ.ಜಿ. ಪಶು ಆಹಾರ ಕೊಡುತ್ತಿದ್ದೆವು. ಅದರ ಬೆಲೆ ಜಾಸ್ತಿಯಾಯಿತೆಂದು ರೈಸ್ ಮಿಲ್ಲಿನಿಂದ ನಾಲ್ಕು ಮೂಟೆ ಪಾಲಿಷ್ ತೌಡು ತಂದೆ. ಮಾರನೇ ದಿನದಿಂದಲೇ ಪಶು ಆಹಾರ ನಿಲ್ಲಿಸಿ 4 ಕೆ.ಜಿ. ತೌಡಿಗೆ 2 ಕೆ.ಜಿ. ಅಕ್ಕಿ ನುಚ್ಚನ್ನು ಗಂಜಿ ಮಾಡಿ ಬೆರೆಸಿ ಕೊಟ್ಟೆವು. ಹಸು ಬಾನಿ ನೆಕ್ಕಿ ತಿಂದಿತು. ಎರಡನೇ ದಿನ ಸಂಜೆಗೆ ಮೆಲುಕು ನಿಂತಿತು. ಮೂರನೇ ದಿನ ಹಾಲು 3 ಲೀಟರಿಗೆ ಇಳಿಯಿತು, ಹುಳಿ ವಾಸನೆಯ ಭೇದಿ ಶುರುವಾಯಿತು, ಕಣ್ಣು ಒಳಗೆ ಹೋಯಿತು, ಮಧ್ಯಾಹ್ನದ ಹೊತ್ತಿಗೆ ಮಲಗಿಬಿಟ್ಟಿತು. ಊರಿನವರ ಮಾತು ಕೇಳಿ ಹುಣಸೆಹುಳಿ, ಬೆಲ್ಲ ಹಾಕಿದ ಮಜ್ಜಿಗೆ ಕುಡಿಸಿದೆವು. ಕಡೆಗೆ ಡಾಕ್ಟರು ಬಂದು ಡ್ರಿಪ್ ಹಾಕಿ, ಸೋಡಾ ಕುಡಿಸಿ ಉಳಿಸಿದರು. ಈಗ ನಾಲ್ಕು ದಿನವಾಗಿದೆ, ಎದ್ದು ಓಡಾಡುತ್ತಿದೆ. ನನ್ನ ಪ್ರಶ್ನೆ ಇಷ್ಟೇ: ಪಕ್ಕದ ಮನೆಯವರು ವರ್ಷಗಳಿಂದ ತೌಡನ್ನೇ ಹಾಕುತ್ತಾರೆ, ಅವರ ಹಸುವಿಗೆ ಏನೂ ಆಗಿಲ್ಲ. ಅದೇ ತೌಡು ನನ್ನ ಹಸುವಿಗೆ ಹೇಗೆ ವಿಷವಾಯಿತು? ಮನೆಯಲ್ಲಿರುವ ಮೂಟೆಗಳನ್ನು ಏನು ಮಾಡಲಿ?

ಉತ್ತರ: ನಿಮ್ಮ ಹಸುವಿಗೆ ಆಗಿದ್ದು ರೂಮೆನ್ ಅಸಿಡೋಸಿಸ್, ಅಂದರೆ ದೊಡ್ಡ ಹೊಟ್ಟೆಯೊಳಗಿನದೆಲ್ಲ ಹುಳಿಯಾಗಿ ಆ ಹುಳಿ ಮೈಗೇರುವ ಕಾಯಿಲೆ. ತೌಡಿನಲ್ಲಿ ವಿಷವೇನೂ ಇರಲಿಲ್ಲ. ಹಸು ತಿನ್ನಬಾರದ್ದನ್ನು ತಿಂದಿಲ್ಲ. ತಿನ್ನಬಹುದಾದದ್ದನ್ನೇ ಅತಿಯಾಗಿ, ಅದಕ್ಕಿಂತ ಮುಖ್ಯವಾಗಿ, ಅಭ್ಯಾಸವಿಲ್ಲದೆ ಒಂದೇ ದಿನದಲ್ಲಿ ತಿಂದಿತು. ಪಕ್ಕದ ಮನೆಯ ಹಸುವಿಗೂ ನಿಮ್ಮ ಹಸುವಿಗೂ ಇರುವ ವ್ಯತ್ಯಾಸವೂ ಅಲ್ಲೇ ಇದೆ.

ಮೊದಲು ಅವರ ತೌಡನ್ನೇ ನೋಡಿ. ಹಳ್ಳಿಯ ಸಣ್ಣ ಹಲ್ಲರ್ ಮಿಲ್ಲಿನಲ್ಲಿ ಭತ್ತ ಹಾಕಿಸಿದರೆ ಹೊಟ್ಟು, ತೌಡು ಎಲ್ಲ ಒಟ್ಟಿಗೆ ಪುಡಿಯಾಗಿ ಬರುತ್ತದೆ. ಅದು ಒರಟು, ನಾರೇ ಹೆಚ್ಚು, ಸತ್ವ ಕಡಿಮೆ. ನೀವು ತಂದಿರುವುದು ದೊಡ್ಡ ಮಿಲ್ಲಿನ ಪಾಲಿಷ್. ಅಲ್ಲಿ ಹೊಟ್ಟನ್ನು ಮೊದಲೇ ಬೇರ್ಪಡಿಸಿ, ಆಮೇಲೆ ಅಕ್ಕಿಯನ್ನು ಉಜ್ಜಿ ಬಿಳಿ ಮಾಡುತ್ತಾರೆ. ಆಗ ಉದುರುವ ನುಣ್ಣನೆಯ ಪುಡಿಯಲ್ಲಿ ಸುಮಾರು ಕಾಲು ಭಾಗ ಅಕ್ಕಿಯ ಪಿಷ್ಟವೇ ಇರುತ್ತದೆ, ಏಳರಲ್ಲಿ ಒಂದು ಪಾಲು ಎಣ್ಣೆ ಇರುತ್ತದೆ. ಎರಡನ್ನೂ ನಾವು ತೌಡು ಎಂದೇ ಕರೆಯುತ್ತೇವೆ, ಆದರೆ ಹಸುವಿನ ಹೊಟ್ಟೆಯಲ್ಲಿ ಅವೆರಡೂ ಬೇರೆ ಬೇರೆ ಆಹಾರ. ಇನ್ನು ನುಚ್ಚಿನಲ್ಲಿ ಮುಕ್ಕಾಲು ಭಾಗ ಪಿಷ್ಟ. ನೀವು ಅದನ್ನು ಬೇಯಿಸಿದಿರಿ. ಬೆಂದ ಪಿಷ್ಟ ಹಸಿ ಪಿಷ್ಟಕ್ಕಿಂತ ಬಹಳ ಬೇಗ ಹುದುಗುತ್ತದೆ. ನೆಂಟರ ಮದುವೆಯಲ್ಲಿ ಉಳಿದ ಅನ್ನವನ್ನು ಕೊಟ್ಟಿಗೆಗೆ ಸುರಿದು ಹಸು ಕಳೆದುಕೊಂಡವರು ನಮ್ಮ ರಾಜ್ಯದಲ್ಲಿ ಕಡಿಮೆಯಿಲ್ಲ. ಕಾರಣ ಇದೇ.

ಪಕ್ಕದ ಮನೆಯವರು ದಿನಕ್ಕೆ ಎಷ್ಟು ಹಾಕುತ್ತಾರೆಂದು ಕೇಳಿ ನೋಡಿ. ಸಾಮಾನ್ಯವಾಗಿ ಇಂಥ ಮನೆಗಳಲ್ಲಿ ಒಂದೋ ಒಂದೂವರೆಯೋ ಕೆ.ಜಿ. ತೌಡನ್ನು ಕಲಗಚ್ಚಿಗೆ ಬೆರೆಸಿ ಕೊಟ್ಟು, ಉಳಿದಂತೆ ಹುಲ್ಲಿನ ಮೇಲೆ ಸಾಕುತ್ತಾರೆ. ಅದೂ ಹಸು ಕರುವಾಗಿದ್ದಾಗಿನಿಂದ. ಆ ಹೊಟ್ಟೆ ತೌಡಿಗೆ ಹೊಂದಿಕೊಂಡಿದೆ.

ಹೊಂದಿಕೊಳ್ಳುವುದು ಎಂದರೇನು ಎಂಬುದು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಹಸು ತಿಂದ ಹುಲ್ಲನ್ನು ಹಸುವೇ ಜೀರ್ಣಿಸಿಕೊಳ್ಳಲಾರದು. ಅದರ ಎಡ ಪಕ್ಕೆಯ ತುಂಬ ಹರಡಿಕೊಂಡಿರುವ, ನೂರು ಲೀಟರಿಗೂ ಹೆಚ್ಚು ಹಿಡಿಯುವ ದೊಡ್ಡ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಹುಲ್ಲನ್ನು ಹುದುಗಿಸಿ ಹಸುವಿಗೆ ಬೇಕಾದ ಶಕ್ತಿಯಾಗಿ ಮಾರ್ಪಡಿಸುವುದು ಅವು. ಹುಲ್ಲಿನ ನಾರು ಒಡೆಯುವ ಜೀವಿಗಳು ಬೇರೆ, ಪಿಷ್ಟ ತಿನ್ನುವವು ಬೇರೆ. ಯಾವ ಮೇವು ಹೆಚ್ಚಿಗೆ ಬರುತ್ತದೋ ಅದನ್ನು ತಿನ್ನುವ ಜೀವಿಗಳ ಸಂಖ್ಯೆ ಹೆಚ್ಚುತ್ತದೆ. ಹುಲ್ಲು ಹುದುಗಿದಾಗಲೂ ಆಮ್ಲ ಹುಟ್ಟುತ್ತದೆ, ಆದರೆ ಅದು ನಿಧಾನವಾಗಿ ಹುಟ್ಟುವ ಸೌಮ್ಯ ಆಮ್ಲ. ಹೊಟ್ಟೆಯ ಗೋಡೆ ಅದನ್ನು ಹೀರಿಕೊಳ್ಳುತ್ತ ಹೋಗುತ್ತದೆ. ಜೊತೆಗೆ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ, ಮೇವು ತಿನ್ನುವಾಗಲೂ ಮೆಲುಕು ಹಾಕುವಾಗಲೂ ಸೇರಿ ದಿನಕ್ಕೆ ನೂರು ಲೀಟರಿಗೂ ಹೆಚ್ಚು ಜೊಲ್ಲು ಹೊಟ್ಟೆಗಿಳಿಯುತ್ತದೆ. ಆ ಜೊಲ್ಲಿನಲ್ಲಿ ಅಡಿಗೆ ಸೋಡಾದಲ್ಲಿರುವ ಬೈಕಾರ್ಬನೇಟೇ ಇದೆ. ಅದು ಆಮ್ಲವನ್ನು ತಣಿಸುತ್ತದೆ. ಹೀಗಾಗಿ ಹುಲ್ಲು ತಿನ್ನುವ ಹಸುವಿನ ಹೊಟ್ಟೆಯ ಪಿಎಚ್ 6ರಿಂದ 7ರ ನಡುವೆ ನಿಂತಿರುತ್ತದೆ.

ಅಂಥ ಹೊಟ್ಟೆಗೆ ನೀವು ಒಂದೇ ದಿನ ಬೆಂದ ನುಚ್ಚು, ನುಣ್ಣನೆಯ ಪಾಲಿಷ್ ಸುರಿದಿರಿ. ಪಿಷ್ಟ ಕಂಡ ಕೂಡಲೇ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಬ್ಯಾಕ್ಟೀರಿಯಾ ಎದ್ದು ಕೂರುತ್ತದೆ. ಅನುಕೂಲ ಸಿಕ್ಕರೆ ಅದು ಅರ್ಧ ಗಂಟೆಯೊಳಗೆ ಒಂದು ಎರಡಾಗುತ್ತದೆ. ಅದು ಉಗುಳುವುದು ಲ್ಯಾಕ್ಟಿಕ್ ಆಮ್ಲ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆಗೆ ಹುಳಿ ಬರುವುದು ಇದೇ ಆಮ್ಲದಿಂದ. ಹಿಟ್ಟು ಸೆಕೆಗೆ ಹೇಗೆ ಬೇಗ ಹುಳಿಯುತ್ತದೋ ಹಾಗೆ 39 ಡಿಗ್ರಿ ಬೆಚ್ಚಗಿರುವ ಹೊಟ್ಟೆಯಲ್ಲಿ ಗಂಜಿಯೂ ಹುಳಿಯುತ್ತದೆ. ಹುಲ್ಲಿನಿಂದ ಬರುವ ಆಮ್ಲಗಳಿಗಿಂತ ಇದು ಸುಮಾರು ಹತ್ತು ಪಟ್ಟು ಪ್ರಬಲ. ಹೊಟ್ಟೆಯ ಪಿಎಚ್ 6ಕ್ಕಿಂತ ಕೆಳಗಿಳಿದರೆ ನಾರು ತಿನ್ನುವ ಜೀವಿಗಳು ಕೆಲಸ ನಿಲ್ಲಿಸುತ್ತವೆ. 5ಕ್ಕೆ ಬಂದರೆ ಬಹುತೇಕ ಎಲ್ಲವೂ ಸಾಯುತ್ತವೆ. ಆಮ್ಲ ಸಹಿಸುವ ಲ್ಯಾಕ್ಟೋಬ್ಯಾಸಿಲಸ್ ಜಾತಿಯವು ಮಾತ್ರ ಉಳಿದು ಇನ್ನಷ್ಟು ಆಮ್ಲ ಮಾಡುತ್ತ ಹೋಗುತ್ತವೆ.

ಈ ಲ್ಯಾಕ್ಟಿಕ್ ಆಮ್ಲವನ್ನೇ ತಿಂದು ಬದುಕುವ ಜೀವಿಗಳೂ ಅದೇ ಹೊಟ್ಟೆಯಲ್ಲಿವೆ. ಮೆಗಾಸ್ಫೇರಾ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಪಿಷ್ಟ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತ ಬಂದರೆ ಇವುಗಳ ಸಂಖ್ಯೆಯೂ ಅದರ ಜೊತೆಗೇ ಹೆಚ್ಚಿ, ಹುಟ್ಟಿದ ಆಮ್ಲವನ್ನು ಅಲ್ಲಲ್ಲೇ ಮುಗಿಸುತ್ತವೆ. ಆದರೆ ಇವು ನಿಧಾನವಾಗಿ ಬೆಳೆಯುವವು. ಸಾಕಷ್ಟು ಸಂಖ್ಯೆಗೆ ಬರಲು ಎರಡು ಮೂರು ವಾರ ಬೇಕು. ಆಮ್ಲ ಹೀರುವ ಹೊಟ್ಟೆಯ ಒಳಗೋಡೆಯ ಎಸಳುಗಳು ಉದ್ದವಾಗಲು ಇನ್ನೂ ಹೆಚ್ಚು, ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಪಕ್ಕದ ಮನೆಯ ಹಸುವಿಗೆ ಸಿಕ್ಕಿದ್ದು, ನಿಮ್ಮ ಹಸುವಿಗೆ ಸಿಗದೇ ಹೋದದ್ದು ಈ ವಾರಗಳು. ಆಮ್ಲ ಮಾಡುವವು ಗಂಟೆಗಳಲ್ಲಿ ಬೆಳೆಯುತ್ತವೆ, ಆಮ್ಲ ತಿನ್ನುವವು ವಾರಗಳಲ್ಲಿ ಬೆಳೆಯುತ್ತವೆ. ಮೇವು ಬದಲಿಸುವಾಗ ನಾವು ಕಾಯಬೇಕಾಗಿರುವುದು ಎರಡನೆಯವುಗಳಿಗಾಗಿ.

ನೀವು ಕಣ್ಣಾರೆ ಕಂಡ ಒಂದೊಂದು ಲಕ್ಷಣವೂ ಈಗ ಅರ್ಥವಾಗುತ್ತದೆ. ಹೊಟ್ಟೆಯಲ್ಲಿ ಆಮ್ಲ ಗಟ್ಟಿಯಾದಾಗ ಅದು ರಕ್ತದಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಎಡ ಪಕ್ಕೆಗೆ ಮುಷ್ಟಿಯಿಂದ ಒತ್ತಿ ಅಲುಗಿಸಿದರೆ ಒಳಗೆ ನೀರು ಕುಲುಕಿದ ಸದ್ದು ಬರುತ್ತದೆ. ಅತ್ತ ಮೈಯಲ್ಲಿ ನೀರಿಲ್ಲದೆ ಕಣ್ಣು ಗುಳಿ ಬೀಳುತ್ತದೆ, ಚರ್ಮ ಎಳೆದು ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತದೆ. ಹೊಟ್ಟೆಯ ಚಲನೆ ನಿಂತದ್ದರಿಂದ ಮೆಲುಕು ನಿಂತಿತು. ಮೆಲುಕು ನಿಂತ ಮೇಲೆ ಜೊಲ್ಲು ಇಳಿಯಲಿಲ್ಲ, ಜೊಲ್ಲಿಲ್ಲದೆ ಹುಳಿ ಇನ್ನೂ ಹೆಚ್ಚಿತು. ಹುದುಗದೆ ಉಳಿದದ್ದು ಕರುಳಿಗೆ ಜಾರಿ ಹುಳಿ ವಾಸನೆಯ, ಮಾಸಲು ಹಳದಿಯ ನೀರು ಸಗಣಿಯಾಗಿ ಹೊರಬಂತು. ಅದರಲ್ಲಿ ನುಚ್ಚಿನ ಕಾಳು ಹಾಗೇ ಕಾಣುತ್ತಿದ್ದಿರಬೇಕು. ಆಮ್ಲ ರಕ್ತಕ್ಕೆ ಸೇರಿದಾಗ ಹಸು ಕುಡಿದವರಂತೆ ತೂರಾಡಿ, ಕಡೆಗೆ ಮಲಗಿ ಕತ್ತನ್ನು ಪಕ್ಕೆಗೆ ತಿರುಗಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಅತಿಯಾಗಿ ತಿಂದ 12ರಿಂದ 36 ಗಂಟೆಯೊಳಗೆ ಲಕ್ಷಣ ಶುರುವಾಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಒಂದರಿಂದ ಮೂರು ದಿನದಲ್ಲಿ ಸಾಯುವುದೂ ಉಂಟು.

ಮಲಗಿ ಕತ್ತು ತಿರುಗಿಸಿದ ಹಸುವನ್ನು ಕಂಡರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಹಾಲುಜ್ವರ. ಎರಡರಲ್ಲೂ ಮೈ ತಣ್ಣಗಾಗುತ್ತದೆ, ಎರಡರಲ್ಲೂ ಹಸು ಏಳುವುದಿಲ್ಲ. ಆದರೆ ಹಾಲುಜ್ವರ ಬಹುತೇಕ ಕರು ಹಾಕಿದ ಮೂರು ದಿನದೊಳಗೆ ಬರುತ್ತದೆ. ಅದರಲ್ಲಿ ಹುಳಿ ನಾತದ ಭೇದಿ ಇರುವುದಿಲ್ಲ, ಸಗಣಿ ಗಟ್ಟಿಯಾಗುತ್ತದೆ ಅಥವಾ ಬೀಳುವುದೇ ಇಲ್ಲ, ಕಣ್ಣು ಹೀಗೆ ಗುಳಿ ಬೀಳುವುದಿಲ್ಲ. ನಿಮ್ಮ ಹಸು ಈದು ಎರಡು ತಿಂಗಳಾಗಿತ್ತು. ಡಾಕ್ಟರಿಗೆ ಫೋನ್ ಮಾಡುವಾಗ ಯಾವಾಗ ಈಯಿತು, ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಿಗೆ ತಿಂದಿತು ಎಂಬ ನಾಲ್ಕು ಮಾತನ್ನು ಮೊದಲೇ ಹೇಳಿದರೆ ಅವರು ತರಬೇಕಾದ ಔಷಧವನ್ನೇ ತರುತ್ತಾರೆ. ತಪ್ಪು ಹೇಳಿಬಿಟ್ಟರೆ ಬಾಟಲಿ ಕ್ಯಾಲ್ಸಿಯಂ ಹಾಕುವುದರಲ್ಲೇ ಅಮೂಲ್ಯ ಗಂಟೆಗಳು ಕಳೆದುಹೋಗುತ್ತವೆ.

ಹುಣಸೆಹುಳಿ, ಮಜ್ಜಿಗೆ, ಬೆಲ್ಲದ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಳಿ ಕುಡಿಸುವ ಪದ್ಧತಿಗೂ ಒಂದು ಸರಿಯಾದ ಜಾಗವಿದೆ. ಹಸು ಯೂರಿಯಾ ಗೊಬ್ಬರ ತಿಂದಿದ್ದರೆ ಹೊಟ್ಟೆಯಲ್ಲಿ ಅಮೋನಿಯಾ ಹುಟ್ಟಿ ಪಿಎಚ್ ಮೇಲೇರುತ್ತದೆ. ಆಗ ಹುಳಿ ಔಷಧವೇ ಆಗುತ್ತದೆ, ಪಶುವೈದ್ಯರೂ ವಿನಿಗರ್ ಕುಡಿಸುತ್ತಾರೆ. ಆದರೆ ಅಕ್ಕಿ, ರಾಗಿ, ಜೋಳ, ಅನ್ನ, ತೌಡು ತಿಂದ ಹೊಟ್ಟೆ ಮೊದಲೇ ಹುಳಿಯಾಗಿದೆ. ಅದರ ಮೇಲೆ ಮಜ್ಜಿಗೆ, ಹುಣಸೆ ಹಾಕಿದರೆ ಹುಳಿಗೆ ಹುಳಿ ಸೇರುತ್ತದೆ. ಬೆಲ್ಲವಂತೂ ಅದೇ ಬ್ಯಾಕ್ಟೀರಿಯಾಕ್ಕೆ ಹಾಕಿದ ಊಟ. ಹೊಟ್ಟೆ ಉಬ್ಬಿದೆಯೆಂದು ಎಲ್ಲಕ್ಕೂ ಒಂದೇ ಮದ್ದು ಮಾಡದೆ, ಏನು ತಿಂದು ಉಬ್ಬಿತು ಎಂಬುದನ್ನು ಮೊದಲು ಹುಡುಕಬೇಕು.

ಮುಂದೆಂದಾದರೂ ಹಸು ಹಗ್ಗ ಬಿಚ್ಚಿಕೊಂಡು ಮೂಟೆಗೆ ಬಾಯಿ ಹಾಕಿತು ಎನ್ನಿ. ಲಕ್ಷಣ ಬರುವವರೆಗೆ ಕಾಯಬೇಡಿ. ತಕ್ಷಣ ಪಶು ಆಸ್ಪತ್ರೆಗೋ 1962 ಸಹಾಯವಾಣಿಗೋ ಕರೆ ಮಾಡಿ. ಉಳಿದ ಕಾಳು ತಪ್ಪಿಸಿ, ಒಣಹುಲ್ಲು ಮಾತ್ರ ಮುಂದಿಡಿ. ಬಾಯಾರಿದ ಹಸು ಬಕೆಟ್‌ಗಟ್ಟಲೆ ನೀರು ಕುಡಿದರೆ ಅದು ಕೆಲಸ ಮಾಡದ ಹೊಟ್ಟೆಯಲ್ಲೇ ನಿಲ್ಲುತ್ತದೆ, ಆದ್ದರಿಂದ ಡಾಕ್ಟರು ಬರುವವರೆಗೆ ನೀರನ್ನು ಸ್ವಲ್ಪ ಸ್ವಲ್ಪವೇ ಕೊಡಿ. ಹಸು ನಿಂತಿದ್ದು, ಚೆನ್ನಾಗಿ ನುಂಗುತ್ತಿದ್ದು, ಹೊಟ್ಟೆ ಉಬ್ಬಿಲ್ಲದಿದ್ದರೆ ಡಾಕ್ಟರನ್ನು ಫೋನಿನಲ್ಲಿ ಕೇಳಿ 100ರಿಂದ 150 ಗ್ರಾಂ ಅಡಿಗೆ ಸೋಡಾವನ್ನು ಒಂದೆರಡು ಲೀಟರ್ ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ ಕುಡಿಸಬಹುದು. ಸೋಡಾ ಆಮ್ಲದ ಜೊತೆ ಸೇರಿದಾಗ ಗಾಳಿ ಹುಟ್ಟುತ್ತದೆ, ಅದಕ್ಕೇ ಉಬ್ಬಿದ ಹೊಟ್ಟೆಗೆ ಅದನ್ನು ಮನೆಯಲ್ಲಿ ಹಾಕಬಾರದು. ಗೊಟ್ಟದಲ್ಲಿ ಕುಡಿಸುವಾಗ ನಾಲಿಗೆ ಹಿಡಿದೆಳೆಯಬೇಡಿ, ತಲೆಯನ್ನು ಮೇಲಕ್ಕೆತ್ತಬೇಡಿ. ಮಲಗಿದ ಹಸುವಿಗೆ ಬಾಯಿಂದ ಏನನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋದರೆ ಆಸೆ ಬಿಡಬೇಕಾಗುತ್ತದೆ.

ಡಾಕ್ಟರು ಮಾಡುವ ಕೆಲಸ ಬೇರೆಯದೇ ಪ್ರಮಾಣದ್ದು. ಹೊಟ್ಟೆಗೆ ಕೊಳವೆ ಇಳಿಸಿ ಅಲ್ಲಿನ ರಸವನ್ನು ಪಿಎಚ್ ಕಾಗದದಲ್ಲಿ ನೋಡುತ್ತಾರೆ. ಆರೋಗ್ಯವಂತ ಹಸುವಿನ ರಸ ಹಸಿರು ಮಿಶ್ರಿತ ಕಂದಾಗಿರುತ್ತದೆ, ಇಂಥ ಹಸುವಿನದು ಹಾಲು ಬೆರೆಸಿದಂತೆ ಬೂದಾಗಿ ಮೂಗಿಗೆ ಹುಳಿ ಹೊಡೆಯುತ್ತದೆ. ಹೊಟ್ಟೆಗೆ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಅಥವಾ ಸೋಡಾ, ನರಕ್ಕೆ ಲೀಟರುಗಟ್ಟಲೆ ಬೈಕಾರ್ಬನೇಟ್ ಮತ್ತು ಲವಣದ ದ್ರಾವಣ ಕೊಡುತ್ತಾರೆ. ಹೊಟ್ಟೆಯ ಜೀವಿಗಳು ಸತ್ತಾಗ ಅವು ತಯಾರಿಸುತ್ತಿದ್ದ ಬಿ1 ಜೀವಸತ್ವವೂ ನಿಲ್ಲುವುದರಿಂದ ಅದರ ಇಂಜೆಕ್ಷನ್ ಸೇರಿಸುತ್ತಾರೆ. ಅತಿ ಗಂಭೀರವಾದರೆ ಪಕ್ಕೆ ಕೊಯ್ದು ಹೊಟ್ಟೆಯಲ್ಲಿರುವುದನ್ನೆಲ್ಲ ಕೈಯಿಂದ ಹೊರತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ. ಆಮೇಲೆ ಆರೋಗ್ಯವಂತ ಹಸುವಿನ ಹೊಟ್ಟೆಯ ರಸವನ್ನು ಐದಾರು ಲೀಟರ್ ತೆಗೆದು ಈ ಹಸುವಿಗೆ ಕುಡಿಸಿದರೆ ಹೊಸ ಜೀವಿಗಳು ಬೇಗ ನೆಲೆಯೂರುತ್ತವೆ. ನಿಮ್ಮ ಹಸು ಇನ್ನೂ ಮೇವಿಗೆ ಹಿಂದೇಟು ಹಾಕುತ್ತಿದ್ದರೆ ಇದನ್ನು ಡಾಕ್ಟರ ಬಳಿ ಕೇಳಿ ನೋಡಿ.

ಎದ್ದು ಓಡಾಡುತ್ತಿದೆಯೆಂದು ಕಾಯಿಲೆ ಮುಗಿಯಿತು ಎಂದುಕೊಳ್ಳಬೇಡಿ. ಆಮ್ಲದಿಂದ ಸುಟ್ಟ ಹೊಟ್ಟೆಯ ಗೋಡೆ ಮಾಯಲು ವಾರಗಳು ಬೇಕು. ಆ ಗಾಯಗಳ ಮೂಲಕ ಬ್ಯಾಕ್ಟೀರಿಯಾ, ಬೂಷ್ಟು ಒಳನುಗ್ಗಿ ಈಲಿ, ಅಂದರೆ ಯಕೃತ್ತಿನಲ್ಲಿ ಕೀವು ಕಟ್ಟಿಸಬಹುದು. ಚೇತರಿಸಿದ ಹಸು ವಾರದೊಳಗೆ ಮತ್ತೆ ಜ್ವರ ಬಂದು ಮೇವು ಬಿಟ್ಟರೆ ಕೂಡಲೇ ತೋರಿಸಿ. ಗೊರಸಿನೊಳಗಿನ ಮೆತ್ತನೆಯ ಭಾಗಕ್ಕೂ ಪೆಟ್ಟು ಬಿದ್ದಿರಬಹುದು. ಮುಂದಿನ ಒಂದೆರಡು ತಿಂಗಳು ಅದು ಅಳುಕುತ್ತ ನಡೆಯುತ್ತದೆಯೇ, ಕಾಲು ಬದಲಿಸುತ್ತ ನಿಲ್ಲುತ್ತದೆಯೇ ಎಂದು ನೋಡುತ್ತಿರಿ.

ಇನ್ನು ಆಹಾರಕ್ಕೆ ಬರೋಣ. ನಿಮ್ಮ ಹಸುವನ್ನು 400 ಕೆ.ಜಿ. ತೂಕದ್ದೆಂದು ಇಟ್ಟುಕೊಂಡು ಲೆಕ್ಕ ಹಾಕುತ್ತೇನೆ. ಅದಕ್ಕೆ ದಿನಕ್ಕೆ ಸುಮಾರು 12 ಕೆ.ಜಿ. ಒಣ ಅಂಶ ಬೇಕು. ಐದೂವರೆ ಕೆ.ಜಿ. ಭತ್ತದ ಹುಲ್ಲು ಕೊಟ್ಟರೆ ಅದರಲ್ಲಿ 5, ಹದಿನೈದು ಕೆ.ಜಿ. ಹಸಿ ನೇಪಿಯರ್ ಕೊಟ್ಟರೆ ಅದರಲ್ಲಿ 3, ಐದು ಕೆ.ಜಿ. ಪಶು ಆಹಾರದಲ್ಲಿ ನಾಲ್ಕೂವರೆ. ಅಲ್ಲಿಗೆ ಹನ್ನೆರಡೂವರೆ ಆಯಿತು. ಇದರಲ್ಲಿ ಮೂರನೇ ಎರಡು ಪಾಲಿನ ಹತ್ತಿರ ಹುಲ್ಲೇ ಇದೆ. ಇದು ಸುರಕ್ಷಿತವಾದ ಹಳೆಯ ಲೆಕ್ಕ, ನೀವು ಅದರಲ್ಲೇ ಇದ್ದಿರಿ.

ಬದಲಿಸಿದ ದಿನ ಏನಾಯಿತು ನೋಡಿ. 4 ಕೆ.ಜಿ. ಪಾಲಿಷ್‌ನಲ್ಲಿ ಅರ್ಧ ಕೆ.ಜಿ.ಗೂ ಮೀರಿದ ಎಣ್ಣೆ ಇದೆ. ಉಳಿದ ಮೇವಿನಲ್ಲಿರುವ ಎಣ್ಣೆಯೂ ಸೇರಿದರೆ ಹಸು ತಡೆದುಕೊಳ್ಳುವ ಗಡಿಯನ್ನು ಮುಟ್ಟಿಬಿಡುತ್ತದೆ. ಅಷ್ಟು ಎಣ್ಣೆ ನಾರು ತಿನ್ನುವ ಜೀವಿಗಳ ಕೈ ಕಟ್ಟುತ್ತದೆ. ಪಿಷ್ಟವೋ, ಪಾಲಿಷ್‌ನಿಂದ ಒಂದು ಕೆ.ಜಿ., ನುಚ್ಚಿನಿಂದ ಒಂದೂವರೆ ಕೆ.ಜಿ., ಅದರಲ್ಲೂ ಹೆಚ್ಚಿನದು ಬೆಂದದ್ದು, ಅದೂ ಬೆಳಿಗ್ಗೆ ಸಂಜೆ ಎರಡೇ ಹೊತ್ತಿನಲ್ಲಿ. ರುಚಿಯಾದ ಗಂಜಿ ತಿಂದ ಹಸು ಹುಲ್ಲನ್ನು ಬಿಟ್ಟಿರುತ್ತದೆ, ಗೋದಲಿಯಲ್ಲಿ ಹುಲ್ಲು ಉಳಿದಿತ್ತೇ ಎಂದು ನೆನಪು ಮಾಡಿಕೊಳ್ಳಿ. ಹುಲ್ಲು ಕಡಿಮೆಯಾದ ಹೊತ್ತಿಗೇ ಮೆಲುಕು ಕಡಿಮೆಯಾಗುತ್ತದೆ. ಹುಳಿ ಹೆಚ್ಚಿದ ದಿನವೇ ಹುಳಿ ತಣಿಸುವ ಜೊಲ್ಲು ಕಡಿಮೆಯಾಯಿತು.

ಈಗ ಮೊದಲ ವಾರ ತೌಡನ್ನು ಮುಟ್ಟಬೇಡಿ. ಒಳ್ಳೆಯ ಒಣಹುಲ್ಲು, ಸ್ವಲ್ಪ ಹಸಿಹುಲ್ಲು ಮಾತ್ರ ಕೊಡಿ. ಮೆಲುಕು ಸರಿಯಾಗಿ ಬಂದು, ಸಗಣಿ ಗಟ್ಟಿಯಾದ ಮೇಲೆ ಹಳೆಯ ಪಶು ಆಹಾರವನ್ನೇ ದಿನಕ್ಕೆ 1 ಕೆ.ಜಿ.ಯಿಂದ ಶುರುಮಾಡಿ, ಎರಡು ಮೂರು ದಿನಕ್ಕೊಮ್ಮೆ ಅರ್ಧ ಕೆ.ಜಿ. ಏರಿಸುತ್ತ 5 ಕೆ.ಜಿ.ಗೆ ತನ್ನಿ. ಇದಕ್ಕೆ ಮೂರು ವಾರವಾದರೂ ಆಗಲಿ. ಹಾಲು ಬೇಗ ಏರಲೆಂಬ ಆತುರಕ್ಕೆ ಇಲ್ಲಿ ಜಾಗವಿಲ್ಲ.

ಅಲ್ಲಿಂದ ಮುಂದೆ ತೌಡು. ಐದು ಕೆ.ಜಿ. ಪಶು ಆಹಾರದಲ್ಲಿ ಕಾಲು ಕೆ.ಜಿ. ತೆಗೆದು ಅಷ್ಟೇ ಪಾಲಿಷ್ ಹಾಕಿ. ನಾಲ್ಕು ದಿನ ಹಾಗೇ ಬಿಡಿ. ಆಮೇಲೆ ಅರ್ಧ ಕೆ.ಜಿ., ಮತ್ತೆ ನಾಲ್ಕು ದಿನ. ಹೀಗೆ ಒಂದೂಕಾಲು ಕೆ.ಜಿ.ವರೆಗೆ ಹೋಗಿ ನಿಲ್ಲಿಸಿ. ಅಷ್ಟರಲ್ಲಿ ಹೆಚ್ಚುಕಡಿಮೆ ಮೂರು ವಾರವಾಗಿರುತ್ತದೆ, ಆಮ್ಲ ತಿನ್ನುವ ಜೀವಿಗಳೂ ತಯಾರಾಗಿರುತ್ತವೆ. ಒಂದೂಕಾಲು ಎಂದರೆ ಒಟ್ಟು ದಾಣಿಯ ಕಾಲು ಭಾಗ. ಪಾಲಿಷ್ ಅದಕ್ಕಿಂತ ಹೆಚ್ಚಾಗುವುದು ಬೇಡ. ಪಾಲಿಷ್‌ನಲ್ಲಿ ಪ್ರೋಟೀನು ನಿಮ್ಮ ಪಶು ಆಹಾರದಲ್ಲಿರುವುದಕ್ಕಿಂತ ಕಡಿಮೆ. ಹಾಲು ಇಳಿದರೆ ಒಂದು ಹಿಡಿ ಕಡಲೆಕಾಯಿ ಹಿಂಡಿಯೋ ಹತ್ತಿಕಾಳು ಹಿಂಡಿಯೋ ಸೇರಿಸಬೇಕಾಗುತ್ತದೆ. ಪಾಲಿಷ್‌ನಲ್ಲಿ ರಂಜಕ ಬಹಳ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಖನಿಜ ಮಿಶ್ರಣ ತಪ್ಪಿಸಬೇಡಿ. ನುಚ್ಚು ಕೊಡಲೇಬೇಕೆಂದಿದ್ದರೆ ತೌಡು ಒಗ್ಗಿದ ಮೇಲೆ, ಬೇಯಿಸದೆ, ಅರ್ಧ ಕೆ.ಜಿ. ಮೀರದಂತೆ, ಅದನ್ನೂ ಇದೇ ಹಂತಗಳಲ್ಲಿ ಕೊಡಿ. ಗಂಜಿ ಮಾಡುವ ಪದ್ಧತಿ ಬಿಟ್ಟೇಬಿಡಿ.

ಕೊಡುವ ಕ್ರಮವೂ ಮುಖ್ಯ. ಹಸಿದ ಹೊಟ್ಟೆಗೆ ದಾಣಿ ಹಾಕಬೇಡಿ, ಮೊದಲು ಹುಲ್ಲು ತಿನ್ನಲಿ, ಅರ್ಧ ಗಂಟೆಯ ಮೇಲೆ ದಾಣಿ. ಒಂದು ಹೊತ್ತಿಗೆ ಎರಡು ಕೆ.ಜಿ. ಮೀರದಂತೆ ಮೂರು ಹೊತ್ತು ಹಂಚಿ. ನೀರಿನಲ್ಲಿ ಕಲಸಿ ಸಾರಿನಂತೆ ಕುಡಿಸಿದರೆ ಜೊಲ್ಲು ಬೆರೆಯಲು ಸಮಯವೇ ಸಿಗದು, ತೇವವಾಗುವಷ್ಟು ಚಿಮುಕಿಸಿದರೆ ಸಾಕು. ಹುಲ್ಲನ್ನು ಮೆಷಿನ್ನಿನಲ್ಲಿ ಪುಡಿಯಾಗುವಂತೆ ಕತ್ತರಿಸಿದರೂ ಮೆಲುಕು ಕಡಿಮೆಯಾಗುತ್ತದೆ, ಎರಡು ಮೂರು ಅಂಗುಲ ಉದ್ದವಿರಲಿ. ಬದಲಾಯಿಸುವ ವಾರಗಳಲ್ಲಿ ದಿನಕ್ಕೆ 100 ಗ್ರಾಂ ಅಡಿಗೆ ಸೋಡಾವನ್ನು ಎರಡು ಹೊತ್ತಿನ ದಾಣಿಗೆ ಬೆರೆಸಬಹುದು. ಅದು ಊರುಗೋಲು ಅಷ್ಟೇ. ಸೋಡಾ ಹಾಕಿದ್ದೇನೆಂದು ತೌಡನ್ನು ಬೇಗ ಏರಿಸಿದರೆ ಮತ್ತೆ ಮೊದಲಿಗೇ ಬರುತ್ತೀರಿ.

ಏರಿಸುತ್ತಿರುವಾಗ ಸರಿಹೋಗುತ್ತಿದೆಯೇ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಹಸು ಸುಮ್ಮನೆ ಮಲಗಿರುವಾಗ ಒಂದು ಉಂಡೆ ಮೆಲುಕಿಗೆ ಎಷ್ಟು ಸಲ ಅಗಿಯುತ್ತದೆಂದು ಎಣಿಸಿ. 50ರಿಂದ 60 ಇದ್ದರೆ ಚೆನ್ನಾಗಿದೆ, 40ಕ್ಕಿಂತ ಕಡಿಮೆಯಾದರೆ ನಾರು ಸಾಲದು. ಸಗಣಿ ಒಂದು ದಿನ ಗಟ್ಟಿ ಒಂದು ದಿನ ತೆಳು ಆಗುತ್ತಿದ್ದರೆ, ಅದರಲ್ಲಿ ನೊರೆಯೋ ಗುಳ್ಳೆಯೋ ಕಂಡರೆ, ಒಂದು ಹಂತ ಹಿಂದೆ ಹೋಗಿ. ಎಲ್ಲಕ್ಕಿಂತ ಒಳ್ಳೆಯ ಸುಳಿವು ನಿಮ್ಮ ಡೇರಿಯ ಹಾಲಿನ ಚೀಟಿಯಲ್ಲಿದೆ. ಹಾಲಿನ ಕೊಬ್ಬಿಗೆ ಮೂಲ ಹುಲ್ಲು ಹುದುಗಿ ಬರುವ ಸೌಮ್ಯ ಆಮ್ಲ. ಹೊಟ್ಟೆ ಹುಳಿಯತ್ತ ಜಾರಿದರೆ, ಹಸು ಇನ್ನೂ ಮೇಲ್ನೋಟಕ್ಕೆ ಚೆನ್ನಾಗಿರುವಾಗಲೇ, ಫ್ಯಾಟ್ ಬೀಳುತ್ತದೆ. 3.8 ಬರುತ್ತಿದ್ದದ್ದು ಎಸ್‌ಎನ್‌ಎಫ್ ಹಾಗೇ ಇದ್ದು ಮೂರರ ಆಸುಪಾಸಿಗೆ ಇಳಿದರೆ ಡೇರಿಯವರ ಮೇಲೆ ಅನುಮಾನ ಪಡುವ ಮೊದಲು ಗೋದಲಿ ನೋಡಿ. ಲೋಪ ತೌಡಿನ ಪ್ರಮಾಣದಲ್ಲೋ ಹುಲ್ಲಿನ ಕೊರತೆಯಲ್ಲೋ ಇರುವ ಸಾಧ್ಯತೆ ಹೆಚ್ಚು. ಮಲಗದೆ, ಭೇದಿಯಾಗದೆ, ತಿಂಗಳುಗಟ್ಟಲೆ ಹೀಗೆ ಒಳಗೊಳಗೇ ಹುಳಿಯುವ ಹಸುಗಳೇ ಹಳ್ಳಿಗಳಲ್ಲಿ ಹೆಚ್ಚು. ಅವುಗಳ ಗೊರಸು ಕೆಡುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ, ಹಾಲಿನ ದುಡ್ಡೂ ಕಡಿಮೆಯಾಗುತ್ತದೆ. ಇದಕ್ಕೆಲ್ಲ ತೌಡು ಕಾರಣವೆಂದು ಮಾತ್ರ ಯಾರೂ ಗುರುತಿಸುವುದಿಲ್ಲ.

ನಿಮ್ಮ ಮೂಟೆಗಳ ವಿಚಾರ. ಒಂದೊಂದು 50 ಕೆ.ಜಿ. ಎಂದರೆ 200 ಕೆ.ಜಿ. ಇದೆ. ದಿನಕ್ಕೆ ಒಂದೂಕಾಲು ಕೆ.ಜಿ.ಯಂತೆ ಒಂದು ಹಸುವಿಗೆ ಒಂದು ಮೂಟೆಯೇ 40 ದಿನ ಬರುತ್ತದೆ, ನಾಲ್ಕು ಮೂಟೆ ಮುಗಿಯಲು ಐದು ತಿಂಗಳು ಮೀರುತ್ತದೆ. ಎಣ್ಣೆ ತೆಗೆಯದ ಪಾಲಿಷ್ ಅಷ್ಟು ದಿನ ಇರುವುದಿಲ್ಲ. ಭತ್ತ ಮಿಲ್ಲಾದ ಗಳಿಗೆಯಿಂದಲೇ ತೌಡಿನೊಳಗಿನ ಕಿಣ್ವ ಎಣ್ಣೆಯನ್ನು ಒಡೆಯತೊಡಗುತ್ತದೆ, ಕೆಲವೇ ವಾರಗಳಲ್ಲಿ ಕನರು ವಾಸನೆ, ಕಹಿ, ಗಂಟು ಗಂಟು. ನಿಮ್ಮ ಹಸು ತೌಡಿಗೆ ತಯಾರಾಗಲು ಇನ್ನೂ ಒಂದು ತಿಂಗಳಿದೆ. ಆದ್ದರಿಂದ ನಾಲ್ಕೂ ಮೂಟೆಯನ್ನು ಈಗಲೇ ತೌಡು ಹಾಕುವ ಅಭ್ಯಾಸವಿರುವವರಿಗೆ, ಆ ಪಕ್ಕದ ಮನೆಯವರಿಗೇ, ಪಾಲಿಷ್ ಎಂದು ತಿಳಿಸಿ ಕೊಟ್ಟುಬಿಡಿ. ಅವರೂ ತಮ್ಮ ಒರಟು ತೌಡಿನಿಂದ ಇದಕ್ಕೆ ಬರುವಾಗ ನಿಧಾನವಾಗಿ ಬರಲಿ. ನಿಮಗೆ ಬೇಕಾದಾಗ ಒಂದೇ ಮೂಟೆ ಹೊಸದನ್ನು ತನ್ನಿ. ಎಣ್ಣೆ ತೆಗೆದ ತೌಡು ಸಿಕ್ಕರೆ ಇನ್ನೂ ಒಳ್ಳೆಯದು, ಅದು ಅಷ್ಟು ಬೇಗ ಕೆಡುವುದಿಲ್ಲ, ಎಣ್ಣೆಯ ತೊಂದರೆಯೂ ಇಲ್ಲ. ಆದರೆ ಅದಕ್ಕೂ ಹಂತಹಂತದ ನಿಯಮ ಒಂದೇ.

ಕೊನೆಯದಾಗಿ, ನೀವು ಕೇಳದಿದ್ದರೂ, ನಿಮ್ಮ ಗಬ್ಬದ ಹಸುವಿನ ಮಾತು. ಅದು ಹಾಲು ಬತ್ತಿಸಿ ಹುಲ್ಲಿನ ಮೇಲೇ ಇದ್ದರೆ ಅದರ ಹೊಟ್ಟೆ ಈಗ ದಾಣಿಯನ್ನು ಮರೆತಿದೆ, ಒಳಗೋಡೆಯ ಎಸಳುಗಳೂ ಗಿಡ್ಡವಾಗಿವೆ. ಈದ ದಿನವೇ ಐದು ಕೆ.ಜಿ. ದಾಣಿ ಹಾಕಿದರೆ ಇದಕ್ಕೂ ಅದೇ ಗತಿ. ಈಯಲು ಮೂರು ವಾರವಿದೆ ಎನ್ನುವಾಗ ಪಶು ಆಹಾರವನ್ನು ಅರ್ಧ ಕೆ.ಜಿ.ಯಿಂದ ಶುರುಮಾಡಿ, ಈಯುವ ಹೊತ್ತಿಗೆ ಎರಡು ಎರಡೂವರೆ ಕೆ.ಜಿ.ಗೆ ತನ್ನಿ. ಈದ ಮೇಲೆ ದಿನಕ್ಕೆ ಕಾಲು ಕೆ.ಜಿ.ಗಿಂತ ಹೆಚ್ಚು ಏರಿಸಬೇಡಿ, ಹಾಲು ಎಷ್ಟೇ ಸುರಿದರೂ ಸರಿ. ಬಾಣಂತಿ ಹಸುವಿಗೆ ಅಕ್ಕಿ ಗಂಜಿ, ಬೆಲ್ಲದ ಪಾಯಸ ಕುಡಿಸುವ ವಾಡಿಕೆ ನಿಮ್ಮ ಮನೆಯಲ್ಲಿದ್ದರೆ ಒಂದು ಬಟ್ಟಲಿಗೆ ನಿಲ್ಲಿಸಿ. ಈದು ಆರು ವಾರವಾಗುವ ಮೊದಲು ಪಾಲಿಷ್ ತೌಡಿನ ಸುದ್ದಿಗೆ ಹೋಗಬೇಡಿ.